ಕಂಡದ್ದು, ಕೇಳದ್ದು, ಬರೆದದ್ದು: ಕನಸಿನ ದಿನಚರಿಯ ಕುರಿತು

ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಕಡೆಯ ಓರ್ವ ಕಾಲೇಜು ವಿದ್ಯಾರ್ಥಿನಿ ತನ್ನ ತಂದೆಯೊಂದಿಗೆ ನನ್ನ ಮನೆಗೆ ಬಂದಿದ್ದಳು. ಬಾಲ್ಯದಲ್ಲಿ ನನ್ನ ಬಳಿ ಕುರ್‌ಆನ್ ಓದಿದ ಮಗು. ಕೈಯಲ್ಲಿ ಎರಡು ನೋಟುಪುಸ್ತಕಗಳಿದ್ದವು. ಒಂದರಲ್ಲಿ ಅವಳು ಎದ್ದ ಕೂಡಲೇ ಗೀಚಿಟ್ಟ ಕನಸಿನ ತುಣುಕುಗಳಿದ್ದವು. ಇನ್ನೊಂದರಲ್ಲಿ ಅವುಗಳನ್ನು ಆಧರಿಸಿ ಬರೆದ ಗದ್ಯ. ತಂದೆ ಮಾತಿಗೆ ಆರಂಭಿಸಿದರು: “ಹಜ್ರತ್, ಇವಳು ಬರೆದದ್ದನ್ನು ನಮ್ಮ ಅಣ್ಣ ಓದಿದ್ದಾರೆ. ಈಗ ಮನೆಯಲ್ಲಿ ಮಾತುಕತೆ ನಿಂತುಹೋಗಿದೆ.”

ಸಂಗತಿ ಇಷ್ಟು. ಯಲ್ಲಾಪುರದ ಹಳ್ಳಿಯೊಂದರಲ್ಲಿರುವ ಹಿರಿಯರ ಮನೆಯನ್ನು ಮಾರಿ, ಬಂದ ಹಣವನ್ನು ವಾರಸುದಾರರು ಹಂಚಿಕೊಳ್ಳುವುದೆಂದು ನಿಶ್ಚಯವಾಗಿತ್ತು. ಆ ದಿನಗಳಲ್ಲಿಯೇ ಈ ಹುಡುಗಿಗೆ ತೀರಿಹೋದ ಅಜ್ಜನ ಕನಸು ಬಿತ್ತು. ಗದ್ಯದಲ್ಲಿ ಅವಳು ಬರೆದದ್ದು ಹೀಗೆ: ಸುರಿಯುವ ಮಳೆಯಲ್ಲಿ ದಾದಾ ಜಗುಲಿಯ ಮೇಲೆ ನಿಂತಿದ್ದರು, ಕಣ್ಣಲ್ಲಿ ನೀರಿತ್ತು, ‘ಈ ಮನೆಯನ್ನು ಮಾರಬೇಡಿ’ ಎಂದರು. ಇದನ್ನೋದಿದ ದೊಡ್ಡಪ್ಪ, ತಂದೆಯ ಅಪ್ಪಣೆಯಾಗಿದೆ, ಇನ್ನು ಮಾರುವ ಮಾತಿಲ್ಲ ಎಂದು ಕುಳಿತುಬಿಟ್ಟರು. ತಂಗಿಯಂದಿರಿಗೆ ಸಲ್ಲಬೇಕಾದ ಪಾಲು ಅಲ್ಲಿಗೇ ನಿಂತಿತು.

ನಾನು ಮೊದಲನೆಯ ಪುಸ್ತಕವನ್ನು ತೆರೆಯಿಸಿದೆ. ಪೆನ್ಸಿಲಿನ ಓರೆ ಅಕ್ಷರಗಳಲ್ಲಿ ಅಲ್ಲಿದ್ದುದು ಇಷ್ಟೇ: “ದಾದಾ. ಜಗುಲಿ. ಕಂಬಳಿ ಕೊಪ್ಪೆ, ಒಣಗಿತ್ತು. ಹೊರಗೆ ಮಳೆ. ಕೈಯಲ್ಲಿ ಬೀಗದ ಕೈ. ಏನೋ ಅಂದರು, ಕೇಳಲಿಲ್ಲ.”

ಕಣ್ಣೀರು ಅಲ್ಲಿರಲಿಲ್ಲ. ಮನೆ ಮಾರಬೇಡಿರೆಂಬ ಮಾತೂ ಇರಲಿಲ್ಲ. “ಇದೆಲ್ಲಿಂದ ಬಂತು ಮಗಳೇ?” ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, “ಬರೆಯುವಾಗ ಅಲ್ಲಿ ಏನಾದರೂ ಒಂದು ಮಾತು ಬೇಕು ಅನ್ನಿಸಿತು, ಹಜ್ರತ್” ಎಂದಳು.

ಕನಸಿನ ದಿನಚರಿಯನ್ನಿಡುವ, ಅದರ ತುಣುಕುಗಳಿಂದ ಚಿಂತನಶೀಲ ಬರಹವನ್ನು ರೂಪಿಸುವ ಹವ್ಯಾಸ ನಮ್ಮ ಯುವಜನರಲ್ಲಿ ಕಾಣುತ್ತಿದೆ. ನಾನು ಇದನ್ನು ವಿರೋಧಿಸುವವನಲ್ಲ. ಆದರೆ ‘ಅಲ್ಲಿ ಏನಾದರೂ ಒಂದು ಮಾತು ಬೇಕು’ ಎನಿಸುವ ಆ ಒಂದು ಗಳಿಗೆಯಲ್ಲಿಯೇ ಇದರ ಅಪಾಯವೆಲ್ಲವೂ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಕಂಡದ್ದು ಒಂದೆಡೆ, ಕಂಡದ್ದರ ಬಗ್ಗೆ ನಾವು ಆಲೋಚಿಸಿದ್ದು ಇನ್ನೊಂದೆಡೆ ಇರಬೇಕು. ಎರಡರ ನಡುವಣ ಗೆರೆಯನ್ನು ಓದುಗನು ಕಾಣುವಂತಿರಬೇಕು.

ಇದು ಕೇವಲ ಬರವಣಿಗೆಯ ಶಿಸ್ತಿನ ಮಾತಲ್ಲ. ಕಾಣದ ಕನಸನ್ನು ಕಂಡೆನೆಂದು ಹೇಳುವವನಿಗೆ ಅಂತ್ಯದಿನದಲ್ಲಿ ಎರಡು ಬಾರ್ಲಿ ಕಾಳುಗಳನ್ನು ಒಂದಕ್ಕೊಂದು ಗಂಟು ಹಾಕಲು ಆಜ್ಞಾಪಿಸಲಾಗುವುದು, ಅವನಿಂದ ಅದು ಎಂದಿಗೂ ಆಗದು ಎಂಬ ಪ್ರವಾದಿ(ಸ)ರವರ ಎಚ್ಚರಿಕೆ ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಈ ಶಿಕ್ಷೆಯ ಸ್ವರೂಪವನ್ನು ಗಮನಿಸಿರಿ. ಗಂಟು ಬೀಳಲಾರದ ಎರಡು ವಸ್ತುಗಳನ್ನು ಗಂಟು ಹಾಕುವುದು. ಕನಸಿನ ಎರಡು ತುಣುಕುಗಳ ನಡುವೆ ಇಲ್ಲದ ಕೊಂಡಿಯನ್ನು ಹೆಣೆಯುವವನು ಮಾಡುವುದೂ ಅದನ್ನೇ ಅಲ್ಲವೇ?

ಕನಸುಗಳು ಮೂರು ಬಗೆ ಎಂದು ಹದೀಸ್‌ಗಳಲ್ಲಿ ಬಂದಿದೆ: ಅಲ್ಲಾಹನ ಕಡೆಯಿಂದ ಬರುವ ಶುಭವಾರ್ತೆ, ಶೈತಾನನು ದುಃಖಪಡಿಸಲು ತೋರಿಸುವ ಕನಸು, ಮತ್ತು ಮನುಷ್ಯನು ತನ್ನ ಮನಸ್ಸಿನೊಂದಿಗೆ ಆಡಿಕೊಂಡ ಮಾತು. ದಿನಚರಿ ಬರೆಯುವವನ ಪುಟಗಳನ್ನು ತುಂಬುವುದು ಹೆಚ್ಚಾಗಿ ಮೂರನೆಯ ಬಗೆಯೇ. ಹಗಲಿನ ಚಿಂತೆ ರಾತ್ರಿ ವೇಷ ತೊಟ್ಟು ಬರುತ್ತದೆ. ಬರೆಯುವಾತನಿಗೆ ಇದರಲ್ಲಿ ಕೀಳೇನೂ ಇಲ್ಲ. ತನ್ನ ನಫ್ಸ್ ತನ್ನೊಂದಿಗೆ ಏನನ್ನು ಮಾತನಾಡುತ್ತಿದೆ ಎಂಬುದನ್ನು ತಿಳಿಯಲು ಇದಕ್ಕಿಂತ ನೇರವಾದ ಪುಟ ಸಿಗುವುದು ಕಷ್ಟ. ಆದರೆ ಮೂರನೆಯದನ್ನು ಮೊದಲನೆಯದೆಂದು ಓದಿಸಿದಾಗ ಆ ಯಲ್ಲಾಪುರದ ಮನೆಯಲ್ಲಿ ಆದುದೇ ಆಗುತ್ತದೆ.

ಕನಸನ್ನೂ ಅದರ ಅರ್ಥವನ್ನೂ ಬೇರೆಬೇರೆಯಾಗಿ ಇಡುವ ಕ್ರಮವನ್ನು ಸೂರಃ ಯೂಸುಫ್‌ನಲ್ಲಿಯೇ ಕಾಣಬಹುದು. ಬಾಲಕ ಯೂಸುಫ್(ಅ)ರು ಹನ್ನೊಂದು ನಕ್ಷತ್ರಗಳನ್ನೂ ಸೂರ್ಯಚಂದ್ರರನ್ನೂ ಕಂಡದ್ದು ನಾಲ್ಕನೆಯ ಆಯತಿನಲ್ಲಿದೆ. ಆ ಕನಸು ನಿಜವಾಯಿತೆಂದು ಅವರು ತಂದೆಗೆ ಹೇಳುವುದು ನೂರನೆಯ ಆಯತಿನಲ್ಲಿ. ನಡುವೆ ಬಾವಿ, ಗುಲಾಮಗಿರಿ, ಸೆರೆಮನೆ, ಬರಗಾಲಗಳು ಹಾದುಹೋಗುತ್ತವೆ. ಅದೇ ಸೂರಃದಲ್ಲಿ ರಾಜನ ಆಸ್ಥಾನಿಕರು ಅವನ ಕನಸನ್ನು ‘ಅದ್ಗಾಸು ಅಹ್ಲಾಮ್’ ಎಂದು ತಳ್ಳಿಹಾಕುತ್ತಾರೆ. ‘ಅದ್ಗಾಸ್’ ಎಂದರೆ ಹಸಿದು ಒಣಗಿದ್ದು ಎಲ್ಲವೂ ಬೆರೆತ ಹುಲ್ಲಿನ ಹಿಡಿಗಳು. ಅಡಿಕೆ ತೋಟಕ್ಕೆ ಬೆಟ್ಟದಿಂದ ಸೊಪ್ಪಿನ ಹೊರೆ ತರುವುದನ್ನು ಕಂಡವರಿಗೆ ಈ ಪದ ಕೂಡಲೇ ಅರ್ಥವಾದೀತು. ಆ ಹೊರೆಯಲ್ಲಿ ಯಾವ ಮರದ್ದು ಎಷ್ಟು ಎಂದು ಬಿಡಿಸಿ ನೋಡುವುದು ದಿನಚರಿಕಾರನ ಕೆಲಸ. ಇಲ್ಲದ ಕೊಂಬೆಯನ್ನು ಕಡಿದು ತಂದು ಸೇರಿಸುವುದು ಅವನ ಕೆಲಸವಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಮಾದರಿಯಿದೆ. ಕರ್ನಾಟಕದಲ್ಲಿ ಬರೆಯಲ್ಪಟ್ಟ ಕನಸಿನ ದಿನಚರಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಟಿಪ್ಪು ಸುಲ್ತಾನರದು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಅರಮನೆಯ ಶಯನಗೃಹದಲ್ಲಿ ಕರ್ನಲ್ ಕರ್ಕ್‌ಪ್ಯಾಟ್ರಿಕ್ ಎಂಬ ಅಧಿಕಾರಿಗೆ ಇದು ದೊರೆಯಿತು. ಸುಲ್ತಾನರ ಮುನ್ಷಿಯಾಗಿದ್ದ ಹಬೀಬುಲ್ಲಾ ಅಲ್ಲಿದ್ದರು. ಬರೆಯುವಾಗಲಾಗಲಿ ಓದುವಾಗಲಾಗಲಿ ಯಾರಾದರೂ ಹತ್ತಿರ ಬಂದರೆ ಸುಲ್ತಾನರು ಇದನ್ನು ಮರೆಮಾಡುತ್ತಿದ್ದರೆಂದು ಆಗ ದಾಖಲಾಯಿತು. ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪಾರಸಿಯಲ್ಲಿ, ಸ್ವಂತ ಕೈಬರಹದಲ್ಲಿ, 1785ರಿಂದಾಚೆಗೆ ಕಂಡ 37 ಕನಸುಗಳು ಅದರಲ್ಲಿವೆ. ಗಿರೀಶ ಕಾರ್ನಾಡರು ತಮ್ಮ ‘ಟಿಪ್ಪು ಸುಲ್ತಾನ ಕಂಡ ಕನಸು’ ನಾಟಕಕ್ಕೆ ಇದನ್ನೇ ಆಧಾರವಾಗಿಸಿಕೊಂಡರು.

ಟಿಪ್ಪುರವರ ಆಳ್ವಿಕೆಯ ಕುರಿತ ವಾದವಿವಾದಗಳಿಗೆ ನಾನಿಲ್ಲಿ ಹೋಗುವುದಿಲ್ಲ. ನನಗೆ ಬೇಕಾದುದು ಅವರು ಪುಟದ ಮೇಲೆ ಬರೆದ ಕ್ರಮ. ಮೊದಲು ತಿಂಗಳು, ವರ್ಷ, ಯಾವ ವಾರದ ರಾತ್ರಿ, ರಾತ್ರಿಯ ಯಾವ ಭಾಗ ಎಂದು ನಮೂದಿಸುತ್ತಾರೆ. ಬಳಿಕ ಕಂಡದ್ದನ್ನು ಕೆಲವೇ ವಾಕ್ಯಗಳಲ್ಲಿ ಹೇಳುತ್ತಾರೆ. ಅಷ್ಟರಲ್ಲಿ ಎಚ್ಚರವಾಯಿತೆಂದು ಬರೆದು ಕನಸನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಅರ್ಥವೇನಾದರೂ ಹೊಳೆದಿದ್ದರೆ, ಇದು ತಾನು ಮಾಡಿಕೊಂಡ ಅರ್ಥ ಎಂದು ಬೇರೆಯಾಗಿ ಬರೆಯುತ್ತಾರೆ. ಮುಂದೆ ನಡೆದ ಘಟನೆಯೊಂದು ಅದಕ್ಕೆ ಸಂಬಂಧಿಸಿದ್ದೆನಿಸಿದರೆ ಅದನ್ನೂ ಕೆಳಗೆ ಸೇರಿಸುತ್ತಾರೆ. ಎಚ್ಚರವಾಯಿತು ಎಂಬ ಆ ಮಾತೇ ಅವರ ಗೆರೆ. ಅದರ ಆಚೆಗಿರುವುದು ಕನಸು, ಈಚೆಗಿರುವುದು ಎಚ್ಚರದ ಟಿಪ್ಪು.

ಎರಡು ಕನಸುಗಳನ್ನು ನೋಡೋಣ. 1786ರಲ್ಲಿ ಮರಾಠರೊಂದಿಗಿನ ಯುದ್ಧದಲ್ಲಿ ಟಿಪ್ಪುರವರ ಪಾಳೆಯ ಸವಣೂರಿನ ಕಡೆಯಲ್ಲಿತ್ತು. ಶಿರಸಿಯಿಂದ ಹಾವೇರಿಯನ್ನು ಹಾದು ಇಂದು ನಾವು ಕೆಲವೇ ಗಂಟೆಗಳಲ್ಲಿ ತಲುಪುವ ಊರು. ರಾತ್ರಿ ದಾಳಿಗೆ ಸಿದ್ಧತೆ ನಡೆಸುತ್ತಿದ್ದಾಗ ಒಂದು ಕನಸು. ಸುಂದರನಾದ ಅಪರಿಚಿತ ಯುವಕನೊಬ್ಬ ಬಂದು ಪಕ್ಕದಲ್ಲಿ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಎದ್ದು ನಾಲ್ಕು ಹೆಜ್ಜೆ ನಡೆದು, ಪೇಟದಡಿಯಿಂದ ಕೂದಲನ್ನು ಬಿಚ್ಚಿದಾಗ ಅದು ಹೆಣ್ಣೆಂದು ತಿಳಿಯಿತು. ಗಂಡುಡುಗೆಯ ಶತ್ರುಗಳು ಹೆಂಗಸರಂತೆ ಓಡಿಹೋಗುವರು ಎಂದು ಟಿಪ್ಪು ಅರ್ಥ ಮಾಡಿಕೊಂಡರು. ದಾಳಿಯಲ್ಲಿ ಹಾಗೆಯೇ ಆಯಿತೆಂದು ಬಳಿಕ ಬರೆದರು. ಯುದ್ಧದ ಮುನ್ನಾ ದಿನಗಳಲ್ಲಿ ಶತ್ರುವನ್ನೇ ಧ್ಯಾನಿಸುತ್ತಿದ್ದ ಮನಸ್ಸು ತನಗೆ ಬೇಕಾದ ಅರ್ಥವನ್ನು ಆರಿಸಿಕೊಂಡಿತು ಎಂದು ನಾವಿಂದು ಹೇಳಬಹುದು. ಹೆಂಗಸರನ್ನು ಹೇಡಿತನಕ್ಕೆ ಹೋಲಿಸಿದ್ದು ಸರಿಯಲ್ಲವೆಂದೂ ಹೇಳಬಹುದು. ಕನಸು ಮತ್ತು ಅರ್ಥ ಬೇರೆಬೇರೆಯಾಗಿರುವುದರಿಂದಲೇ ನಮಗೆ ಹೀಗೆ ಹೇಳಲು ಸಾಧ್ಯವಾಗಿದೆ.

ಇನ್ನೊಂದು ಕನಸು ಇನ್ನೂ ಬೋಧಪ್ರದ. ಮೂರು ಬೆಳ್ಳಿ ತಟ್ಟೆಗಳಲ್ಲಿ ಗೇಣುದ್ದದ, ರಸಭರಿತವಾದ ತಾಜಾ ಖರ್ಜೂರಗಳನ್ನು ತಂದಿಟ್ಟರು. ಎಚ್ಚರವಾದಾಗ ಬೆಳಗಾಗಿತ್ತು. ತನ್ನ ಮೂವರು ಎದುರಾಳಿಗಳ ರಾಜ್ಯಗಳೂ ತನ್ನ ಕೈಸೇರುವವು ಎಂಬುದು ಟಿಪ್ಪುರವರ ವ್ಯಾಖ್ಯಾನ. ಕೆಳಗೆ ಇನ್ನೊಂದು ಸಾಲು: ನಿಝಾಮ್ ಅಲಿ ತೀರಿಕೊಂಡರೆಂಬ ಸುದ್ದಿ ಬಂತು. ಆದರೆ ಸುದ್ದಿ ಸುಳ್ಳಾಗಿತ್ತು. ಹೈದರಾಬಾದಿನ ನಿಝಾಮ್ ಅಲಿ ಖಾನರು ತೀರಿಕೊಂಡದ್ದು 1803ರಲ್ಲಿ. ಟಿಪ್ಪುರವರು ಅದಕ್ಕೂ ಮುನ್ನವೇ, 1799ರ ಮೇ 4ರಂದು, ಆ ಎದುರಾಳಿಗಳಲ್ಲಿ ಇಬ್ಬರ ಸೇನೆಗಳು ಒಂದಾಗಿ ಬಂದು ಮುತ್ತಿದಾಗ ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದಿದ್ದರು.

ಅರ್ಥ ತಪ್ಪಿತು, ಅದಕ್ಕೆ ಆಧಾರವೆಂದುಕೊಂಡ ಸುದ್ದಿಯೂ ತಪ್ಪಿತು. ಆದರೂ ಖರ್ಜೂರದ ಮೂರು ತಟ್ಟೆಗಳು ಪುಟದ ಮೇಲೆ ಹಾಗೆಯೇ ಇವೆ. ಅವರು ಕನಸಿನಲ್ಲಿಯೇ ‘ಇವು ಮೂರು ರಾಜ್ಯಗಳು’ ಎಂದು ಯಾರೋ ಹೇಳಿದರೆಂದು ಸೇರಿಸಿದ್ದರೆ, ಇಂದು ನಮಗೆ ಕಂಡದ್ದು ಯಾವುದು, ಬಯಸಿದ್ದು ಯಾವುದು ಎಂದು ಬೇರ್ಪಡಿಸಲು ಬರುತ್ತಿರಲಿಲ್ಲ. ದಿನಚರಿಯ ಪ್ರಾಮಾಣಿಕತೆಯೆಂದರೆ ಬರೆದವನ ತಪ್ಪನ್ನೂ ಅದು ಉಳಿಸಿಕೊಡುವುದು.

ಇನ್ನು ಬರೆಯುವ ಕ್ರಮದ ಕುರಿತು ಕೆಲವು ಮಾತು. ನಮ್ಮ ನಿದ್ದೆ ಸುಮಾರು ತೊಂಬತ್ತು ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಕಣ್ಣಗುಡ್ಡೆಗಳು ರೆಪ್ಪೆಯೊಳಗೆ ವೇಗವಾಗಿ ಚಲಿಸುವ, ಸ್ಪಷ್ಟ ಕನಸುಗಳು ಹೆಚ್ಚಾಗಿ ಬೀಳುವ ಹಂತವು ಪ್ರತಿ ಸುತ್ತಿನಲ್ಲಿ ಬರುತ್ತದೆ. ಬೆಳಗಿನ ಜಾವದ ಕಡೆಗೆ ಅದು ದೀರ್ಘವಾಗುತ್ತದೆ. ತಹಜ್ಜುದ್‌ಗೋ ಫಜ್ರ್‌ಗೋ ಏಳುವವರು ಈ ಹಂತದ ಹತ್ತಿರದಲ್ಲಿಯೇ ಎಚ್ಚರಗೊಳ್ಳುವುದರಿಂದ ಅವರಿಗೆ ಕನಸುಗಳು ಹೆಚ್ಚು ನೆನಪಿರುತ್ತವೆ. ಆದರೆ ಆ ನೆನಪು ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಆದ್ದರಿಂದ ಎಚ್ಚರವಾದಾಗ ಕೂಡಲೇ ಹೊರಳಬೇಡಿರಿ. ಏಳುವಾಗಿನ ದುಆವನ್ನು ಹೇಳಿ, ಅದೇ ಮಗ್ಗುಲಲ್ಲಿಯೇ ಅರೆಗಳಿಗೆ ಇದ್ದು, ಕೊನೆಯಲ್ಲಿ ಕಂಡ ದೃಶ್ಯವನ್ನು ಹಿಡಿದು ಹಿಂದಕ್ಕೆ ಹೋಗಿರಿ. ತಲೆದಿಂಬಿನ ಬಳಿ ಪೆನ್ಸಿಲು, ಪುಸ್ತಕಗಳಿರಲಿ. ಮೊಬೈಲಿನಲ್ಲಿ ಬರೆಯಹೊರಟರೆ ರಾತ್ರಿ ಬಂದ ಸಂದೇಶಗಳನ್ನು ನೋಡುವಷ್ಟರಲ್ಲಿ ಕನಸು ಹೋಗಿಬಿಡುತ್ತದೆ.

ಆ ಗಳಿಗೆಯಲ್ಲಿ ಪೂರ್ಣ ವಾಕ್ಯಗಳನ್ನು ಬರೆಯಬಾರದೆಂಬುದು ನನ್ನ ಸಲಹೆ. ವಾಕ್ಯಕ್ಕೆ ಕರ್ತೃ, ಕ್ರಿಯೆ, ಕಾರಣಗಳು ಬೇಕು. ಅವು ಇಲ್ಲದಿದ್ದರೆ ಮನಸ್ಸು ತಾನೇ ಒದಗಿಸುತ್ತದೆ. ‘ಆದ್ದರಿಂದ’, ‘ಏಕೆಂದರೆ’ ಎಂಬ ಪದಗಳು ಕನಸಿನ ಟಿಪ್ಪಣಿಯಲ್ಲಿ ಕಂಡರೆ ಅಲ್ಲಿ ಎಚ್ಚರದ ಕೈಯಾಡಿದೆ ಎಂದು ಸಂಶಯಿಸಿರಿ. ಬಿಡಿಪದಗಳು ಸಾಕು. ಕೇಳಿಸದ ಮಾತನ್ನು ‘ಕೇಳಲಿಲ್ಲ’ ಎಂದೇ, ಕಾಣದ ಮುಖವನ್ನು ‘ಮುಖ ಇಲ್ಲ’ ಎಂದೇ ಬರೆಯಿರಿ. ನಮಾಝಿನ ನಂತರ ಅದೇ ಪುಟದ ಕೆಳಗೆ ಗೆರೆಯೆಳೆದು, ಹಿಂದಿನ ದಿನ ಏನು ನಡೆದಿತ್ತು, ಯಾರ ಮಾತು ಮನಸ್ಸಿನಲ್ಲಿ ಉಳಿದಿತ್ತು ಎಂದು ಎರಡು ಸಾಲು ಸೇರಿಸಿರಿ. ಗದ್ಯ ಬರೆಯುವ ಕೆಲಸವನ್ನು ಕೆಲವು ದಿನಗಳಾದರೂ ಮುಂದೂಡಿರಿ. ಬಿಸಿಯಿರುವಾಗ ಬರೆದ ಗದ್ಯವು ಕನಸಿನ ಜಾಗವನ್ನೇ ಆಕ್ರಮಿಸುತ್ತದೆ. ಆಮೇಲೆ ಬರೆದವನಿಗೂ ತಾನು ಕಂಡದ್ದು ಯಾವುದೆಂಬ ನೆನಪು ಉಳಿಯುವುದಿಲ್ಲ.

ಆ ವಿದ್ಯಾರ್ಥಿನಿಯನ್ನು ಕೂರಿಸಿಕೊಂಡು ನಾನು ಇದನ್ನೇ ಮಾಡಿಸಿದೆ. “ಹಿಂದಿನ ದಿನ ಮನೆಯಲ್ಲಿ ಏನು ನಡೆದಿತ್ತು?” ಎಂದೆ. ಮನೆ ಮಾರುವ ಕುರಿತು ದೊಡ್ಡವರು ಫೋನಿನಲ್ಲಿ ಬಹಳ ಹೊತ್ತು ಮಾತನಾಡಿದ್ದರಂತೆ. ಅವಳು ಬಾಗಿಲಾಚೆ ಕುಳಿತು ಕೇಳಿದ್ದಳು. “ನಿನಗೆ ಮನೆ ಮಾರುವುದು ಬೇಕಿತ್ತೇ?” ಎಂದೆ. ಬೇಡವಾಗಿತ್ತೆಂದು ಒಪ್ಪಿಕೊಂಡಳು. ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ತನ್ನ ಮಾತನ್ನು ಅವಳು ದಾದಾರ ಬಾಯಲ್ಲಿಟ್ಟಿದ್ದಳು.

“ಈಗ ತುಣುಕುಗಳನ್ನು ನೋಡು. ಇದರಲ್ಲಿ ನಿನಗೆ ಅತ್ಯಂತ ವಿಚಿತ್ರವೆನಿಸುವುದು ಯಾವುದು?” ಎಂದೆ. ಅವಳು ಬೆರಳಿಟ್ಟದ್ದು ‘ಒಣಗಿತ್ತು’ ಎಂಬ ಪದದ ಮೇಲೆ. ಕತೆಗೆ ಸಲ್ಲದೆಂದು ತನ್ನ ಗದ್ಯದಲ್ಲಿ ಅವಳು ಬಿಟ್ಟುಬಿಟ್ಟಿದ್ದುದು ಅದನ್ನೇ. ನನ್ನ ಅನುಭವದಲ್ಲಿ ಕತೆಗೆ ಹೊಂದದೆ ಉಳಿಯುವ ತುಣುಕೇ ಹೆಚ್ಚಾಗಿ ಒಳ್ಳೆಯ ಗದ್ಯದ ಬೀಜವಾಗಿರುತ್ತದೆ. ವಾರದ ಬಳಿಕ ಅವಳು ತಿದ್ದಿ ತಂದ ಬರಹದ ಒಂದು ಭಾಗವನ್ನು ಅವಳ ಅನುಮತಿಯಿಂದ ಇಲ್ಲಿ ಕೊಡುತ್ತಿದ್ದೇನೆ:

“ದಾದಾರನ್ನು ಕನಸಿನಲ್ಲಿ ಕಂಡೆ. ಜಗುಲಿಯಲ್ಲಿದ್ದರು, ಕೈಯಲ್ಲಿ ಬೀಗದ ಕೈ ಇತ್ತು. ಹೊರಗೆ ಮಳೆ, ಕಂಬಳಿ ಕೊಪ್ಪೆ ಮಾತ್ರ ಒಣಗಿತ್ತು. ಏನೋ ಅಂದರು, ನನಗೆ ಕೇಳಲಿಲ್ಲ. ಎಚ್ಚರವಾಯಿತು. ದಾದಾ ಬದುಕಿದ್ದಾಗ ಆ ಕೊಪ್ಪೆ ಒಣಗಿದ್ದನ್ನು ನಾನು ಮಳೆಗಾಲದಲ್ಲಿ ಕಂಡೇ ಇಲ್ಲ. ಫಜ್ರ್‌ಗೆ ಮಸೀದಿಗೆ ಹೋಗಿ ಬಂದು ಅದನ್ನು ಬಾಗಿಲ ಬಳಿ ನೇತುಹಾಕುತ್ತಿದ್ದರು. ಅದರಿಂದ ಹನಿಯುವ ನೀರನ್ನು ದಾದಿ ಬೈಯುತ್ತ ಒರೆಸುತ್ತಿದ್ದರು. ಈಗ ಆ ಮನೆಯಿಂದ ಹೊರಗೆ ಹೋಗಿ ಬರುವವರು ಯಾರೂ ಇಲ್ಲ. ಒರೆಸುವುದಕ್ಕೂ ಏನೂ ಉಳಿದಿಲ್ಲ. ದಾದಾ ಏನು ಹೇಳಿದರೋ ನಾನರಿಯೆ. ಮನೆ ಮಾರಬೇಡಿ ಎಂದು ಹೇಳಬೇಕೆಂದಿದ್ದವಳು ನಾನು.”

ಮೊದಲಿನ ಬರಹಕ್ಕಿಂತ ಇದು ಎಷ್ಟು ಮೇಲೆಂಬುದನ್ನು ನಾನು ವಿವರಿಸಬೇಕಿಲ್ಲ. ಕನಸಿನಲ್ಲಿದ್ದ ಒಂದು ವಿವರವನ್ನೂ ಅವಳು ಬಿಟ್ಟಿಲ್ಲ, ಇಲ್ಲದ ಒಂದನ್ನೂ ಸೇರಿಸಿಲ್ಲ. ‘ಎಚ್ಚರವಾಯಿತು’ ಎಂಬ ಗೆರೆಯ ಈಚೆಗೆ ಅವಳಿಗೆ ಪೂರ್ಣ ಸ್ವಾತಂತ್ರ್ಯವಿದೆ. ಅಲ್ಲಿ ನೆನಪಿದೆ, ದುಃಖವಿದೆ, ಒಪ್ಪಿಗೆಯಿದೆ. ಕೇಳಿಸದ ಮಾತು ಕೇಳಿಸದೆಯೇ ಉಳಿದಿದೆ.

ಎರಡು ಮಿತಿಗಳನ್ನು ಹೇಳದೆ ಮುಗಿಸಲಾರೆ. ಮೊದಲನೆಯದು, ಕೆಟ್ಟ ಕನಸುಗಳದು. ಅವುಗಳನ್ನು ಕಂಡವನು ಅಲ್ಲಾಹನ ಅಭಯ ಯಾಚಿಸಿ, ಎಡಕ್ಕೆ ಮೂರು ಬಾರಿ ಲಘುವಾಗಿ ಉಗುಳಿ, ಮಗ್ಗುಲು ಬದಲಿಸಬೇಕು, ಯಾರಿಗೂ ಹೇಳಬಾರದು ಎಂಬುದು ಪ್ರವಾದಿ(ಸ)ರವರ ಬೋಧನೆ. ಬರೆದು ಪ್ರಕಟಿಸುವುದೂ ಹೇಳುವುದೇ ಆಗಿದೆ. ದಿನಚರಿಯಲ್ಲಿ ‘ಕೆಟ್ಟ ಕನಸು, ಅಭಯ ಯಾಚಿಸಿದೆ’ ಎಂದು ದಿನಾಂಕದೊಂದಿಗೆ ಒಂದು ಸಾಲು ಸಾಕೆಂದು ನಾನು ಭಾವಿಸುತ್ತೇನೆ. ಅದನ್ನು ಗದ್ಯವಾಗಿಸುವ ಗೋಜಿಗೆ ಹೋಗಬೇಡಿರಿ. ಆದರೆ ಅಂತಹ ಸಾಲುಗಳು ವಾರಗಟ್ಟಲೆ ಮರುಕಳಿಸಿ, ನಿದ್ದೆಗೇ ಹೆದರುವಂತಾದರೆ ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿರಿ. ಒಳ್ಳೆಯ ಕನಸನ್ನು ಕೂಡ ತನ್ನನ್ನು ಪ್ರೀತಿಸುವವರಿಗೆ ಮಾತ್ರ ಹೇಳಬೇಕೆಂದು ಬಂದಿದೆ. ಬರೆದದ್ದೆಲ್ಲವನ್ನೂ ಎಲ್ಲರ ಮುಂದಿಡಬೇಕಿಲ್ಲ.

ಎರಡನೆಯದು, ಕನಸು ಪ್ರಮಾಣವಲ್ಲ. ಸಾಮಾನ್ಯ ಜನರ ಕನಸಿನಿಂದ ಧರ್ಮದ ಯಾವುದೇ ವಿಧಿ ಸ್ಥಾಪಿತವಾಗುವುದಿಲ್ಲ, ಯಾರ ಹಕ್ಕೂ ರದ್ದಾಗುವುದಿಲ್ಲ ಎಂಬುದನ್ನು ನಮ್ಮ ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ. ವಾರಸುದಾರರ ಪಾಲುಗಳನ್ನು ಕುರ್‌ಆನ್ ನಿಗದಿಪಡಿಸಿದೆ. ಅಜ್ಜ ನಿಜವಾಗಿಯೂ ಕನಸಿನಲ್ಲಿ ಬಂದು ಮಾತನಾಡಿದ್ದರೂ ಅತ್ತೆಯಂದಿರ ಪಾಲನ್ನು ತಡೆಹಿಡಿಯಲು ಅದು ಆಧಾರವಾಗುತ್ತಿರಲಿಲ್ಲ. ಇಲ್ಲಿಯಾದರೋ ಆ ಮಾತೇ ಇರಲಿಲ್ಲ.

ಆ ಹುಡುಗಿ ತಿದ್ದಿದ ಬರಹದೊಂದಿಗೆ ಪೆನ್ಸಿಲಿನ ಪುಟವನ್ನೂ ದೊಡ್ಡಪ್ಪನಿಗೆ ತಾನೇ ಒಯ್ದು ತೋರಿಸಿದಳು. ಅವರು ಎರಡನ್ನೂ ಓದಿ ಬಹಳ ಹೊತ್ತು ಸುಮ್ಮನಿದ್ದು, “ಕೊಪ್ಪೆ ಇನ್ನೂ ಅಟ್ಟದ ಮೇಲಿದೆ. ನೀನು ಇಟ್ಟುಕೋ” ಎಂದರಂತೆ. ಮನೆಯ ಮಾತುಕತೆ ಮತ್ತೆ ಆರಂಭವಾಗಿದೆ. ಮಾರುವರೋ ಉಳಿಸಿಕೊಳ್ಳುವರೋ ಇನ್ನೂ ತೀರ್ಮಾನವಾಗಿಲ್ಲ. ಈ ಬಾರಿ ಅವಳ ಅಭಿಪ್ರಾಯವನ್ನೂ ಕೇಳಿದ್ದಾರೆ.